ಆಫೀಸು ಬಿಡುವ ದಿನದ ಮೇಲ್: ಏನು ಬರೆದಿರಿ, ಯಾವಾಗ ಕಳಿಸಿದಿರಿ?

ಕುಂಬಳೆಯಿಂದ: ಶುಕ್ರವಾರ ನನ್ನ ಕೊನೆಯ ದಿನ. ಕಾಸರಗೋಡು ಶಾಖೆಯಲ್ಲಿದ್ದೇನೆ, ಹೆಡ್ಡಾಫೀಸು ಕೊಚ್ಚಿಯಲ್ಲಿ. ಎಲ್ಲರಿಗೂ ಸಣ್ಣದೊಂದು ವಿದಾಯದ ಮೇಲ್ ಕಳಿಸಬೇಕು, ಸ್ವಂತ ವಿಳಾಸವನ್ನೂ ಕೊಡಬೇಕು. ನೀವೆಲ್ಲ ಹೇಗೆ ಮಾಡಿದಿರಿ?

ಬದಿಯಡ್ಕದಿಂದ: ರಾಜೀನಾಮೆ ಪತ್ರಕ್ಕೆ ಸ್ವೀಕೃತಿ ಬಂತಾ? ಅದು ಮೊದಲು ನೋಡಿ. ಇನ್ನೊಂದು, ನನ್ನ ತಮ್ಮನ ಪಿಎಫ್ ಖಾತೆಗೆ ಕಂಪನಿ ಸಿಮ್ಮಿನ ನಂಬರೇ ಇತ್ತು. ಸಿಮ್ ವಾಪಸ್ ಕೊಟ್ಟ ಮೇಲೆ ಒಟಿಪಿ ಸಿಗದೆ ತುಂಬಾ ಒದ್ದಾಡಿದ.

ಮಂಜೇಶ್ವರದಿಂದ: ರಾಜೀನಾಮೆ ಬೇರೆ, ಇದು ಬೇರೆ ಅಲ್ವಾ. ಆದರೂ ಆ ನಂಬರಿನ ಮಾತು ನಿಜ, ಈಗಲೇ ಬದಲಿಸಿಕೊಳ್ಳಿ.

ಮೇಲ್ ಅನ್ನು ಸಂಜೆಗೆ ಇಡಬೇಡಿ. ನಮ್ಮಲ್ಲಿ ಒಬ್ಬರು ಐದು ಗಂಟೆಗೆ ಕಳಿಸುವ ಅಂತ ಇದ್ದರು. ಮಧ್ಯಾಹ್ನ ಲ್ಯಾಪ್‌ಟಾಪ್ ಒಪ್ಪಿಸಿದ್ದೇ ತಡ, ಲಾಗಿನ್ ಬಂದ್! ಬೆಳಿಗ್ಗೆ ಹನ್ನೊಂದರ ಒಳಗೆ ಕಳಿಸಿದರೆ ಬಂದ ಉತ್ತರಗಳನ್ನು ಓದಲೂ ಸಮಯ ಸಿಗುತ್ತದೆ.

To ಜಾಗದಲ್ಲಿ ನಿಮ್ಮದೇ ವಿಳಾಸ ಹಾಕಿ, ಉಳಿದವರೆಲ್ಲ Bcc ಯಲ್ಲಿರಲಿ. ಇಲ್ಲದಿದ್ದರೆ ಒಬ್ಬೊಬ್ಬರ "ಆಲ್ ದಿ ಬೆಸ್ಟ್" ಎಲ್ಲರ ಪೆಟ್ಟಿಗೆಗೂ ಹೋಗುತ್ತದೆ. ಗ್ರಾಹಕರನ್ನು ಇದರಲ್ಲಿ ಸೇರಿಸಬೇಡಿ. ಅವರಿಗೆ ಮ್ಯಾನೇಜರನ್ನು ಕೇಳಿ ಬೇರೆ ಮೇಲ್ ಕಳಿಸಿ, ಅದರಲ್ಲಿ ಮುಂದೆ ಕೆಲಸ ನೋಡಿಕೊಳ್ಳುವವರ ಹೆಸರು ಇರಲಿ. ನಾನು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

"ಪ್ರಿಯರೇ, ಇವತ್ತು ಇಲ್ಲಿ ನನ್ನ ಕೊನೆಯ ದಿನ. ಮಾರ್ಚ್ ತಿಂಗಳ ಲೆಕ್ಕ ಮುಗಿಸಲು ರಾತ್ರಿವರೆಗೆ ಜೊತೆಗೆ ಕೂತವರನ್ನು ಮರೆಯುವುದಿಲ್ಲ. ಕೆಲಸ ಕಲಿಸಿದ್ದಕ್ಕೆ, ತಾಳ್ಮೆಯಿಂದ ತಿದ್ದಿದ್ದಕ್ಕೆ ಧನ್ಯವಾದ. ಈ ವಿಳಾಸ ನಾಳೆಯಿಂದ ಇರುವುದಿಲ್ಲ. nanna.hesaru@example.com ಗೆ ಬರೆಯಿರಿ, ಖಂಡಿತ ಉತ್ತರಿಸುತ್ತೇನೆ."

ಇಷ್ಟೇ ಸಾಕು. ಯಾಕೆ ಬಿಟ್ಟೆ, ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಬರೆಯಲಿಲ್ಲ. ಹತ್ತಿರದವರಿಗೆ ಅದು ಗೊತ್ತೇ ಇರುತ್ತದೆ.

ಉಪ್ಪಳದಿಂದ: ವಿಳಾಸ ಬರೆಯುವುದೇ ಬೇಡ. ಔಟ್‌ಲುಕ್‌ನಲ್ಲಿ Direct Replies To ಅಂತ ಉಂಟು. ಅಲ್ಲಿ ಸ್ವಂತ ವಿಳಾಸ ಕೊಟ್ಟರೆ ಉತ್ತರವೆಲ್ಲ ಅಲ್ಲಿಗೇ ಬರುತ್ತದೆ.

ಮಂಜೇಶ್ವರದಿಂದ: ಅದು ಸರಿಯೇ, ಆದರೆ ಆ ಮೇಲ್‌ಗೇ ಉತ್ತರ ಒತ್ತಿದವರಿಗೆ ಮಾತ್ರ. ಆರು ತಿಂಗಳ ಮೇಲೆ ನಿಮ್ಮ ಹಳೆಯ ಇನ್ಯಾವುದೋ ಮೇಲ್ ತೆಗೆದು ಬರೆದರೆ ಮುಚ್ಚಿದ ಖಾತೆಗೇ ಹೋಗುತ್ತದೆ. ಹಾಗಾಗಿ ಒಳಗೂ ಬರೆದಿರಲಿ. ಕಳಿಸುವ ಮೊದಲು ಅಲ್ಲಿಂದಲೇ ಕಾಪಿ ಮಾಡಿ ನಿಮಗೇ ಒಂದು ಮೇಲ್ ಹಾಕಿ ನೋಡಿ. ಒಂದು ಚುಕ್ಕಿ ತಪ್ಪಿದರೂ ಆಮೇಲೆ ತಿದ್ದಲು ದಾರಿ ಇಲ್ಲ.

ಕುಂಬಳೆಯಿಂದ: ತುಂಬಾ ಉಪಕಾರ. ಕೊಚ್ಚಿಯವರಿಗೆ ಕನ್ನಡ ಬರುವುದಿಲ್ಲ. ಒಂದೇ ಮೇಲ್ ಇಂಗ್ಲಿಷಿನಲ್ಲಿ ಸಾಕಾ?

ಮಂಜೇಶ್ವರದಿಂದ: ನಾನು ಎರಡು ಕಳಿಸಿದ್ದೆ. ಎಲ್ಲರಿಗೂ ಇಂಗ್ಲಿಷು, ನಮ್ಮ ಶಾಖೆಯವರಿಗೆ ಕನ್ನಡ.

ಉಪ್ಪಳದಿಂದ: ಶಾಖೆಯಲ್ಲಿ ಮಲಯಾಳಿಗಳೂ ಇರುತ್ತಾರಲ್ಲ, ಅವರಿಗೆ ಬೇಸರ ಆಗದಾ? ನಾನಾದರೆ ಒಂದೇ ಕಳಿಸಿ, ನಮ್ಮವರ ಮೇಜಿಗೆ ಹೋಗಿ ಮಾತಾಡಿ ಬರುತ್ತೇನೆ.