‘ಶುಕ್ರವಾರದವರೆಗೆ’ ಅಂದರೆ ಯಾವತ್ತು? ಮೀಟಿಂಗ್ ಸಾರಾಂಶದ ಮೇಲ್ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಉದ್ಯಮಬಾಗದಲ್ಲಿ ಎರಕದ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ಕೆಲಸ. ವಾರಕ್ಕೊಂದು ಮೀಟಿಂಗ್ ಇರುತ್ತದೆ, ಅದನ್ನು ರೆಕಾರ್ಡ್ ಮಾಡುತ್ತೇವೆ. ಬರಲಾಗದವರಿಗೆ ಸಾರಾಂಶ ಬರೆದು ಮೇಲ್ ಕಳಿಸುವುದು ನನ್ನ ಪಾಲಿಗೆ ಬಂದಿದೆ. ಏನು ತೀರ್ಮಾನ ಆಯಿತು, ಯಾರು ಮಾಡಬೇಕು, ಯಾವಾಗ ಮುಗಿಯಬೇಕು, ಇಷ್ಟೇ.

ಹೋದ ತಿಂಗಳು ಹೀಗೆ ಬರೆದೆ: “ಶುಕ್ರವಾರದವರೆಗೆ ಬಾಗಲಕೋಟೆಯಿಂದ ಅಳತೆ ಪಟ್ಟಿ ಕಳಿಸಲಾಗುವುದು.” ಅಲ್ಲಿ ನಮ್ಮವರು ಇಬ್ಬರಿದ್ದಾರೆ, ಆ ದಿನ ಇಬ್ಬರೂ ಮೀಟಿಂಗಿಗೆ ಬಂದಿರಲಿಲ್ಲ. ಒಬ್ಬರು ಬುಧವಾರ, ಗುರುವಾರ, ಶುಕ್ರವಾರ ಆಯಾ ದಿನದ ಅಳತೆಯನ್ನಷ್ಟೇ ಕಳಿಸಿದರು. ಇನ್ನೊಬ್ಬರು, ಅವರು ಕಳಿಸುತ್ತಿದ್ದಾರಲ್ಲ ಅಂತ ಸುಮ್ಮನಿದ್ದರು. ನಮಗೆ ಬೇಕಿದ್ದದ್ದು ಪೂರ್ತಿ ಪಟ್ಟಿ, ಒಂದೇ ಸಲ. ಸೋಮವಾರ ಬೆಳಿಗ್ಗೆ ನೋಡಿದರೆ ಅದು ಇಲ್ಲ.

ರೆಕಾರ್ಡಿಂಗ್ ಮತ್ತೆ ಕೇಳಿದೆ. 18:20ಕ್ಕೆ ನಮ್ಮ ಹಿರಿಯರು ಹೇಳಿದ್ದು, “ಶುಕ್ರವಾರ ಮಟಾ ಲಿಸ್ಟ್ ಬರ್ಲಿ.” ‘ಮಟಾ’ವನ್ನು ನಾನು ‘ವರೆಗೆ’ ಮಾಡಿದ್ದೆ. ತಪ್ಪಾಯಿತಾ? ಮತ್ತೆ, ಕೆಲಸ ಹೊತ್ತವರ ಹೆಸರಿನ ಮುಂದೆ ಏನು ಬರೆಯಬೇಕು? ‘ಮಾಲೀಕರು’ ಅಂತ ಒಬ್ಬರು ಸೂಚಿಸಿದರು, ನನಗೆ ಮನಸ್ಸು ಒಪ್ಪಲಿಲ್ಲ.

ವಿಜಯಪುರದಿಂದ ಉತ್ತರ: ‘ಮಾಲೀಕರು’ ಖಂಡಿತ ಬೇಡ, ಹೊಲ, ಅಂಗಡಿ ಇದ್ದವರಿಗೆ ಅದು. ‘ಜವಾಬ್ದಾರಿ’ಯೂ ಕನ್ನಡದ್ದಲ್ಲ, ‘ಹೊಣೆ’ ಅಂತ ಬರೆಯಿರಿ. ಆಗ ಗೊಂದಲವೇ ಇರುವುದಿಲ್ಲ.

ಬೆಳಗಾವಿಯಿಂದಲೇ ಇನ್ನೊಬ್ಬರು: ನಾನು ಪತ್ತಿನ ಸಹಕಾರಿ ಸಂಘದಲ್ಲಿ ನಡಾವಳಿ ಬರೆದವನು. ನಮ್ಮಲ್ಲಿ ಪ್ರತಿ ಠರಾವಿಗೂ ನಂಬರ್ ಇರುತ್ತದೆ, ಸೂಚಕರು ಯಾರು, ಅನುಮೋದಕರು ಯಾರು ಅಂತ ಹೆಸರು ಇರುತ್ತದೆ, ಕೆಳಗೆ ಸಹಿ. ನೀವೂ ಹಾಗೇ ಮಾಡಿ ನೋಡಿ, ಯಾರೂ ಆಮೇಲೆ ಇಲ್ಲ ಅನ್ನುವುದಿಲ್ಲ.

ಬಾಗಲಕೋಟೆಯಿಂದ: ಅಣ್ಣಾರು ಹೇಳಿದ್ದು ನಡಾವಳಿ ಪುಸ್ತಕಕ್ಕೆ ಸರಿ. ಆದರೆ ಸೂಚಕರು ಅಂದರೆ ಮಾತು ಎತ್ತಿದವರು, ಕೆಲಸ ಮಾಡುವವರಲ್ಲ ಅಲ್ವಾ. ಮೀಟಿಂಗಿಗೆ ಬಾರದವನು ಮೇಲ್ ತೆರೆದಾಗ ಮೊದಲು ಹುಡುಕುವುದು ತನ್ನ ಹೆಸರು.

ಮತ್ತೊಬ್ಬರ ಉತ್ತರ: ‘ಹೊಣೆ’ಯೋ ‘ಜವಾಬ್ದಾರಿ’ಯೋ, ಎರಡೂ ನಡೆಯುತ್ತವೆ. ಇಲ್ಲಿ ಕೈಕೊಟ್ಟದ್ದು ‘ಕಳಿಸಲಾಗುವುದು’. ಆ ರೂಪದಲ್ಲಿ ಕೆಲಸ ಇದೆ, ಮಾಡುವವರು ಇಲ್ಲ. ‘ಹೊಣೆ: ಬಾಗಲಕೋಟೆ’ ಅಂತ ಬರೆದಿದ್ದರೂ ಇದೇ ಆಗುತ್ತಿತ್ತು, ಯಾಕೆಂದರೆ ಊರು ಪಟ್ಟಿ ಕಳಿಸುವುದಿಲ್ಲ. ಒಬ್ಬರ ಹೆಸರು ಹಾಕಿ, ‘ಕಳಿಸುತ್ತಾರೆ’ ಅನ್ನಿ. ಆ ಒಬ್ಬರು ಮೀಟಿಂಗಿನಲ್ಲಿ ಇರಲಿಲ್ಲ ಅಂದರೆ ಮೇಲ್ ಕಳಿಸುವ ಮುಂಚೆ ಫೋನ್ ಮಾಡಿ ಒಪ್ಪಿಸಿ. ಅವರು ಒಪ್ಪುವ ತನಕ ಅದು ತೀರ್ಮಾನ ಅಲ್ಲ, ನಿಮ್ಮ ಆಸೆ ಅಷ್ಟೇ. ‘ಮಾಡೋಣ’ವೂ ಹಾಗೇ. ರೆಕಾರ್ಡಿಂಗಿನಲ್ಲಿ ‘ಮಾಡೋಣಂತ’ ಕೇಳಿಸಿದರೆ ಅಲ್ಲಿಗೇ ನಿಲ್ಲಿಸಬೇಡಿ. ಮುಂದೆ ಯಾರಾದರೂ “ನಾ ಮಾಡ್ತೀನಿ ಬಿಡ್ರಿ” ಅಂದಿದ್ದಾರಾ ನೋಡಿ. ಅಂದಿದ್ದರೆ ಅದೇ ಹೆಸರು, ಪಕ್ಕದಲ್ಲಿ ಆ ನಿಮಿಷ ಬರೆಯಿರಿ. ಬಾರದವರು ಪೂರ್ತಿ ರೆಕಾರ್ಡಿಂಗ್ ಕೇಳಬೇಕಾಗುವುದಿಲ್ಲ. ಯಾರೂ ಅನ್ನದಿದ್ದರೆ ‘ಇನ್ನೂ ಯಾರೂ ಒಪ್ಪಿಲ್ಲ’ ಅಂತಲೇ ಬರೆಯಿರಿ.

ಇನ್ನು ‘ಮಟಾ’. ಮರಾಠಿಯಲ್ಲಿ ‘ಶುಕ್ರವಾರಪರ್ಯಂತ ಪಾಠವಾ’ ಅಂದರೆ ಶುಕ್ರವಾರ ಮುಗಿಯುವಷ್ಟರಲ್ಲಿ ಕಳಿಸಿ ಅಂತ. ಅಲ್ಲಿಯ ತನಕ ಕಾಯಿರಿ ಅನ್ನಲಿಕ್ಕೂ ಅದೇ ‘ಪರ್ಯಂತ’. ಎರಡೂ ಮಾತಾಡುವ ಬೆಳಗಾವಿಯಲ್ಲಿ ‘ಮಟಾ’ ಹೀಗೆ ಎರಡೂ ಕೆಲಸ ಮಾಡುವುದನ್ನು ನಾನು ಕೇಳಿದ್ದೇನೆ. ಬರಹದ ‘ವರೆಗೆ’ಗೆ ಆ ಸಡಿಲ ಇಲ್ಲ. ‘ಶುಕ್ರವಾರದವರೆಗೆ ಅಂಗಡಿ ತೆರೆದಿರುತ್ತದೆ’ ಅಂದರೆ ದಿನಾ ತೆರೆದಿರುತ್ತದೆ. ಹಾಗಾಗಿ ದಿನಾ ಕಳಿಸಿದವರು ನಿಮ್ಮ ಮೇಲ್ ಸರಿಯಾಗಿಯೇ ಓದಿದ್ದಾರೆ. ನಿಮಗೆ ಬೇಕಿದ್ದದ್ದು ‘ಒಳಗೆ’.

ಮೊದಲು ಕೇಳಿದವರು: ಬಹಳ ಉಪಕಾರ ಆಯಿತು. ಅವರಿಗೆ ಫೋನ್ ಮಾಡಿ, ತಪ್ಪು ನನ್ನದೇ ಅಂತ ಹೇಳಿದೆ. ಈ ವಾರ ಹೀಗೆ ಬರೆದಿದ್ದೇನೆ, ಹೆಸರು ಮಾತ್ರ ಇಲ್ಲಿ ಬಿಟ್ಟಿದ್ದೇನೆ: “ಪೂರ್ತಿ ಅಳತೆ ಪಟ್ಟಿಯನ್ನು ಒಂದೇ ಸಲ, ಶುಕ್ರವಾರ 14ರ ಸಂಜೆ 5 ಗಂಟೆಯೊಳಗೆ … ಅವರು ಕಳಿಸುತ್ತಾರೆ. ಫೋನಿನಲ್ಲಿ ಒಪ್ಪಿದ್ದಾರೆ. ರೆಕಾರ್ಡಿಂಗ್ 22:05.” ಗಂಟೆ ಯಾಕೆ ಹಾಕಿದೆ ಅಂದರೆ, ‘ಶುಕ್ರವಾರದೊಳಗೆ’ ಅಂದರೆ ಗುರುವಾರ ರಾತ್ರಿಗೇ ಮುಗಿಯಬೇಕು ಅಂತ ನಮ್ಮ ಲೆಕ್ಕದ ಅಕ್ಕ ಪಟ್ಟು ಹಿಡಿದಿದ್ದಾರೆ. ಶುಕ್ರವಾರವೂ ಸೇರುತ್ತದೆ ಅಂತ ನಾನು. ನಿಮ್ಮ ಕಡೆ ಹೇಗೆ ಹೇಳುತ್ತೀರಿ?

ವಿಜಯಪುರದಿಂದ: ನಮ್ಮ ಮನೆಯಲ್ಲಿ ಶುಕ್ರವಾರ ಸೇರುತ್ತದೆ. ಆಫೀಸಿನಲ್ಲಿ ಸೇರುವುದಿಲ್ಲ!