ಫೋನ್‌ನಲ್ಲಿ ಸರಿಯಿದ್ದ ಮಾತು ಲ್ಯಾಪ್‌ಟಾಪ್‌ನಲ್ಲಿ ತಪ್ಪಿದ್ದೇಕೆ? ಭಾನುವಾರದ ಎಡಿಟಿಂಗ್ ಪ್ರಶ್ನೋತ್ತರ

ಮಡಿಕೇರಿ ಹೋಂಸ್ಟೇ: ಸರ್, ಹೊಸಬರಿಗೆ ಯಾವ ಫ್ರೀ ಆ್ಯಪ್ ಒಳ್ಳೇದು? ನಮ್ಮದು ಒಂದು ನಿಮಿಷದ ರೀಲ್ಸ್ ಅಷ್ಟೇ. ಮಂಜು, ತೋಟ, ಊಟ.

ಗೋಣಿಕೊಪ್ಪ ಎಡಿಟರ್: ಫೋನ್‌ನಲ್ಲೇ ಮಾಡಿ. ವಿಎನ್ ಹಾಕಿಕೊಳ್ಳಿ, ವಾಟರ್‌ಮಾರ್ಕ್ ಬರಲ್ಲ. ಒಂದು ಸಂಜೆಯಲ್ಲಿ ಕಲಿತುಬಿಡ್ತೀರಿ. ಒಂದು ನಿಮಿಷದ ವಿಡಿಯೋಗೆ ಲ್ಯಾಪ್‌ಟಾಪ್ ಆನ್ ಆಗೋವರೆಗೆ ಕಾಯೋದೇ ದಂಡ.

ನಾಪೋಕ್ಲು ಟೀಚರ್: ನಮಸ್ಕಾರ ಸರ್. ನಮ್ಮ ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ ಅಜ್ಜನನ್ನು ಕೂರಿಸಿ, ಹಿಂದೆ ಹುತ್ತರಿ ಹೇಗೆ ಮಾಡ್ತಿದ್ದರು ಅಂತ 40 ನಿಮಿಷ ಫೋನ್‌ನಲ್ಲಿ ರೆಕಾರ್ಡ್ ಮಾಡಿದೆ. ಮಕ್ಕಳಿಗೆ ತೋರಿಸಲು 12 ನಿಮಿಷಕ್ಕೆ ಇಳಿಸಬೇಕು. ಫೋನ್ ಆ್ಯಪ್‌ನಲ್ಲಿ ಬೆರಳಲ್ಲಿ ಎಳೆದು ಎಳೆದು ಸಾಕಾಯ್ತು. ಲ್ಯಾಪ್‌ಟಾಪ್‌ಗೆ ಶಾಟ್‌ಕಟ್ ಅನ್ನೋ ಎಡಿಟಿಂಗ್ ಪ್ರೋಗ್ರಾಂ ಹಾಕಿದೆ. ಈಗ ಎರಡು ತೊಂದರೆ. ಚಿತ್ರ ನಿಂತು ನಿಂತು ಓಡುತ್ತೆ. ಮತ್ತೆ ಶುರುವಿನಲ್ಲಿ ಸರಿಯಿರುವ ಮಾತು ಕೊನೆಗೆ ಬರೋ ಹೊತ್ತಿಗೆ ತುಟಿಗೆ ಹೊಂದಲ್ಲ, ಎರಡು ಸೆಕೆಂಡಿಗಿಂತ ಜಾಸ್ತಿ ತಪ್ಪುತ್ತೆ. ಅದೇ ಫೈಲ್ ಫೋನ್‌ನಲ್ಲಿ ಸರಿಯಾಗಿದೆ! ಲ್ಯಾಪ್‌ಟಾಪ್ 4ನೇ ಜನರೇಷನ್ ಐ3, 4 ಜಿಬಿ ರ‍್ಯಾಮ್.

ಸಂತೆ ಹುಡುಗ: ಶಾಟ್‌ಕಟ್ ಬಿಡಿ ಮೇಡಂ. ಡಾವಿಂಚಿ ರಿಸಾಲ್ವ್ ಹಾಕಿ. ಸಿನಿಮಾದವರು ಬಳಸೋದು, ಫ್ರೀ.

ಕುಶಾಲನಗರ ಲಿನಕ್ಸ್: 4 ಜಿಬಿಯಲ್ಲಿ ರಿಸಾಲ್ವ್? ತೆರೆಯೋಷ್ಟರಲ್ಲಿ ಕಾಫಿ ಹಣ್ಣಾಗುತ್ತೆ. ಮೊದಲು ವಿಂಡೋಸ್ ತೆಗೆದು ಲಿನಕ್ಸ್ ಹಾಕಿ, ಕೆಡೆನ್‌ಲೈವ್ ಬಳಸಿ. ಎಲ್ಲಾ ಸರಿಹೋಗುತ್ತೆ.

ಎಸ್ಟೇಟ್ ಅಂಕಲ್: ರ‍್ಯಾಮ್ ಹಾಕಿಸಿ ಮಗಳೇ. 8 ಜಿಬಿ ಮಾಡಿಸಿದರೆ ಎರಡೂ ತೊಂದರೆ ಹೋಗುತ್ತೆ.

ಪೊನ್ನಂಪೇಟೆ ಪಿಯುಸಿ: ನಂಗೂ ಹೀಗೇ ಆಗ್ತಿತ್ತು ಅಕ್ಕ. ಬ್ಲೂಟೂತ್ ಇಯರ್‌ಫೋನ್ ತೆಗೆದು ವೈರ್ ಹಾಕಿದೆ, ಸರಿಹೋಯ್ತು.

ಗೋಣಿಕೊಪ್ಪ ಎಡಿಟರ್: ಟೀಚರ್, ಇದು ನೋಡಬೇಕಾದ ಕೇಸ್. ಸ್ವಲ್ಪ ಉದ್ದ ಬರೀತೀನಿ.

ಮೊದಲು ಒಂದು ಕೇಳ್ತೀನಿ. ಶಾಟ್‌ಕಟ್‌ನಲ್ಲಿ ಫೈಲ್ ತೆರೆದಾಗ ಒಂದು ಪೆಟ್ಟಿಗೆ ಬಂದು, ಇದು variable frame rate ಫೈಲ್, ಬದಲಾಯಿಸಬೇಕಾ ಅಂತ ಕೇಳಿತ್ತಾ? ಏನು ಒತ್ತಿದಿರಿ?

ನಾಪೋಕ್ಲು ಟೀಚರ್: ಏನೋ ಕೇಳಿತ್ತು ಸರ್. ಕ್ಯಾನ್ಸಲ್ ಮಾಡಿದೆ. ವೈರಸ್ ಅಂದುಕೊಂಡೆ.

ಗೋಣಿಕೊಪ್ಪ ಎಡಿಟರ್: ಹಾಗಾದರೆ ಸಿಕ್ಕಿತು.

ಫೋನ್ ಕ್ಯಾಮೆರಾ ಸೆಕೆಂಡಿಗೆ ಇಷ್ಟೇ ಚಿತ್ರ ಅಂತ ನಿಯತ್ತಾಗಿ ತೆಗೆಯಲ್ಲ. ಬೆಳಕು ಕಡಿಮೆಯಾದರೆ ಒಂದೊಂದು ಚಿತ್ರಕ್ಕೆ ಜಾಸ್ತಿ ಹೊತ್ತು ತಗೊಳ್ಳುತ್ತೆ, ಎಣಿಕೆ ಇಳಿಯುತ್ತೆ. ನೀವು ನಡುಬಾಡೆಯಲ್ಲಿ ದೀಪದ ಬೆಳಕಲ್ಲಿ ತೆಗೆದಿದ್ದೀರಿ, ಹೊರಗೆ ಮಳೆ ಬೇರೆ ಇತ್ತೋ ಏನೋ. ಧ್ವನಿ ಮಾತ್ರ ತನ್ನ ಪಾಡಿಗೆ ಸಮವಾಗಿ ಓಡಿರುತ್ತೆ. ಫೋನ್ ಪ್ಲೇಯರ್ ಪ್ರತಿ ಚಿತ್ರಕ್ಕೂ ಬರೆದಿಟ್ಟ ಸಮಯ ನೋಡಿ ತೋರಿಸುತ್ತೆ, ಹಾಗಾಗಿ ಅಲ್ಲಿ ತಪ್ಪಲ್ಲ. ಎಡಿಟಿಂಗ್ ಪ್ರೋಗ್ರಾಂ ಒಂದೇ ಲೆಕ್ಕದಲ್ಲಿ ಜೋಡಿಸಲು ಹೋದಾಗ ತಪ್ಪುತ್ತೆ.

ಲೆಕ್ಕ ನೋಡಿ. ಸರಾಸರಿ 29.97 ಚಿತ್ರ ಇದ್ದು, ಪ್ರೋಗ್ರಾಂ 30 ಅಂತ ಎಣಿಸಿದರೆ ಸಾವಿರದಲ್ಲಿ ಒಂದು ಪಾಲು ತಪ್ಪು. 40 ನಿಮಿಷ ಅಂದರೆ 2400 ಸೆಕೆಂಡ್. ತಪ್ಪು 2.4 ಸೆಕೆಂಡ್. ನೀವು ಹೇಳಿದ್ದೂ ಹೆಚ್ಚುಕಮ್ಮಿ ಅಷ್ಟೇ ಅಲ್ವಾ.

ಪಿಯುಸಿ ತಮ್ಮ, ನಿನ್ನದು ಬೇರೆ. ಬ್ಲೂಟೂತ್ ಆದರೆ ಮೊದಲ ಮಾತಿನಿಂದಲೇ ಧ್ವನಿ ತಡ, ಕೊನೆವರೆಗೂ ಅಷ್ಟೇ ತಡ. ಟೀಚರ್‌ದು ಬೆಳೀತಾ ಹೋಗುತ್ತೆ. ಇದೇ ಗುರುತು.

ಅಂಕಲ್, ರ‍್ಯಾಮ್‌ನಿಂದ ಕಂಪ್ಯೂಟರ್ ಸ್ವಲ್ಪ ಹಗುರ ಆಗಬಹುದು. ತುಟಿ ತಪ್ಪೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ನಿಂತು ನಿಂತು ಓಡೋದು. ಈಗಿನ ಎಷ್ಟೋ ಫೋನ್‌ಗಳು ಜಾಗ ಉಳಿಸಲು ಎಚ್‌ಇವಿಸಿ ಅನ್ನೋ, ವಿಡಿಯೋವನ್ನು ಬಿಗಿಯಾಗಿ ಮಡಚಿಡೋ ವಿಧಾನದಲ್ಲಿ ರೆಕಾರ್ಡ್ ಮಾಡ್ತವೆ. ಅದನ್ನು ಬಿಚ್ಚಲು ಫೋನ್ ಚಿಪ್‌ನಲ್ಲೇ ಬೇರೆ ಭಾಗ ಇರುತ್ತೆ. ಇಂಟೆಲ್‌ನಲ್ಲಿ ಆ ಭಾಗ ಸರಿಯಾಗಿ ಬಂದಿದ್ದು 2015ರ 6ನೇ ಜನರೇಷನ್‌ನಿಂದ. ನಿಮ್ಮದು 4ನೇದು, ಎಲ್ಲಾ ಭಾರ ಪ್ರೊಸೆಸರ್ ಮೇಲೆ ಬೀಳುತ್ತೆ. ಹಾಗಾಗಿ ಹಳೇ ಲ್ಯಾಪ್‌ಟಾಪ್‌ಗಿಂತ ಕಡಿಮೆ ಬೆಲೆಯ ಹೊಸ ಫೋನೇ ಚುರುಕು. ಇದು ಶಾಟ್‌ಕಟ್ ತಪ್ಪಲ್ಲ. ಬೇರೆ ಸಾಫ್ಟ್‌ವೇರ್ ಹಾಕಿದರೂ ಇದೇ ಗೋಳು.

ಎರಡಕ್ಕೂ ಮದ್ದು ಒಂದೇ: ಎಡಿಟ್‌ಗೆ ಮೊದಲು ಫೈಲ್ ಬದಲಾಯಿಸಿ. ಅದಕ್ಕೆ ಹ್ಯಾಂಡ್‌ಬ್ರೇಕ್ ಅನ್ನೋ ಪ್ರೋಗ್ರಾಂ ಇದೆ, ಫ್ರೀ, ಅದನ್ನು ಹಾಕಿಕೊಳ್ಳಿ. Video ಟ್ಯಾಬ್‌ನಲ್ಲಿ H.264 (x264) ಆರಿಸಿ. Framerate 30 ಮಾಡಿ. ಅದರ ಕೆಳಗೆ Peak Framerate ಅಂತ ಇರುತ್ತೆ. ಅದನ್ನು Constant Framerate ಮಾಡಬೇಕು. ಎಲ್ಲರೂ ಎಡವೋದು ಇಲ್ಲೇ. 30 ಹಾಕಿದೆ ಸಾಕು ಅಂತ ಬಿಟ್ಟರೆ ಫೈಲ್ ಮತ್ತೆ ಹಳೇ ಹಾಡು ಹಾಡುತ್ತೆ. ಕ್ವಾಲಿಟಿ RF 18 ಇಡಿ. ಫೈಲ್ ದೊಡ್ಡದಾಗುತ್ತೆ, ಆಗಲಿ.

ಪೂರ್ತಿ 40 ನಿಮಿಷ ಒಂದೇ ಸಲ ಹಾಕಬೇಡಿ. Range ಅಲ್ಲಿ Seconds ಆರಿಸಿ 0ಯಿಂದ 600 ಕೊಡಿ. ಹತ್ತು ನಿಮಿಷದ ತುಂಡು ಬರುತ್ತೆ. ಅದರ ಕೊನೆ ನಿಮಿಷ ನೋಡಿ. ತಪ್ಪು ಉಳಿದಿದ್ದರೆ ಅಲ್ಲಿ ಅರ್ಧ ಸೆಕೆಂಡಿಗಿಂತ ಜಾಸ್ತಿ ಇರುತ್ತೆ, ಕಣ್ಣಿಗೆ ಕಾಣುತ್ತೆ. ಮೊದಲ ನಿಮಿಷ ನೋಡಿ ಸರಿಯಿದೆ ಅನ್ನಬೇಡಿ, ಅಲ್ಲಿ ಯಾವತ್ತೂ ಸರಿಯೇ ಇರುತ್ತೆ.

ಆಮೇಲೂ ಎಳೆದರೆ ಶಾಟ್‌ಕಟ್‌ನಲ್ಲಿ Settings > Proxy > Use Proxy ಆನ್ ಮಾಡಿ. ಚಿಕ್ಕ ನಕಲು ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿಸುತ್ತೆ, ಎಕ್ಸ್‌ಪೋರ್ಟ್‌ಗೆ ಮೂಲ ಫೈಲ್ ತಗೊಳ್ಳುತ್ತೆ.

ಕಲಿಯೋದು ಎಷ್ಟು ಕಷ್ಟ ಅಂತ ಮುಂದೆ ಕೇಳ್ತೀರಿ, ಈಗಲೇ ಹೇಳ್ತೀನಿ. ಮೊದಲ ಎರಡು ಭಾನುವಾರ ಬೇಜಾರಾಗುತ್ತೆ. ನಿಮ್ಮ ಕೆಲಸಕ್ಕೆ ಐದು ಕೀ ಸಾಕು. J, K, L ಹಿಂದೆ, ನಿಲ್ಲು, ಮುಂದೆ. L ಎರಡು ಸಲ ಒತ್ತಿದರೆ ಬೇಗ ಓಡುತ್ತೆ. S ಒತ್ತಿದರೆ ಕತ್ತರಿಸುತ್ತೆ, X ಒತ್ತಿದರೆ ತುಂಡು ತೆಗೆದು ಖಾಲಿ ಜಾಗ ಮುಚ್ಚುತ್ತೆ. 40 ನಿಮಿಷದಲ್ಲಿ ಅಜ್ಜ ಎಲೆ ಅಡಿಕೆ ಹಾಕಿಕೊಂಡ ಜಾಗ, ಯಾರೋ ಒಳಗೆ ಬಂದ ಜಾಗ ಎಲ್ಲಾ ಹೀಗೆ ತೆಗೀಬಹುದು. ಫೋನ್‌ನಲ್ಲಿ ಇಷ್ಟುದ್ದದ ಟೈಮ್‌ಲೈನ್ ಬೆರಳಿಗೆ ಸಿಗಲ್ಲ, ಅದಕ್ಕೇ ನಿಮಗೆ ಸಾಕಾಗಿದ್ದು.

ಕುಶಾಲನಗರ ಲಿನಕ್ಸ್: ಹ್ಯಾಂಡ್‌ಬ್ರೇಕ್‌ಗೆ ಅಷ್ಟು ಕ್ಲಿಕ್ ಯಾಕೆ? ಒಂದೇ ಸಾಲು:

```
ffmpeg -i ajja.mp4 -vf fps=30 -c:v libx264 -crf 18 -c:a aac -b:a 192k ajja30.mp4
```

ಗೋಣಿಕೊಪ್ಪ ಎಡಿಟರ್: ಸಾಲು ಸರಿ. ಟೀಚರ್‌ಗೆ ಬೇಡ.

ಸಂತೆ ಹುಡುಗ: ನಿಮ್ಮ ಲಿನಕ್ಸ್‌ನಲ್ಲಿ ರಿಸಾಲ್ವ್ ಫ್ರೀ ಹಾಕಿದರೆ ಫೋನ್ ವಿಡಿಯೋ ತೆರೆಯೋದೇ ಇಲ್ಲ. ಅದಕ್ಕೆ ಕೆಡೆನ್‌ಲೈವ್ ಹೊಗಳ್ತೀರಿ.

ಕುಶಾಲನಗರ ಲಿನಕ್ಸ್: ತೆರೆಯಲ್ಲ, ಹೌದು. ಅದು ರಿಸಾಲ್ವ್‌ನವರ ಲೈಸೆನ್ಸ್ ತಕರಾರು. ಲಿನಕ್ಸ್‌ದಲ್ಲ. ನೀನು ರಿಸಾಲ್ವ್‌ನಲ್ಲಿ ಇದುವರೆಗೆ ಏನು ಮಾಡಿದ್ದೀಯ? ಒಂದು ಲಿಂಕ್ ಹಾಕು ನೋಡೋಣ.

ಸಂತೆ ಹುಡುಗ: ಹಾಕ್ತೀನಿ. ನೀವು ಮೊದಲು ಹಾಕಿ.

ಎಸ್ಟೇಟ್ ಅಂಕಲ್: *ಫಾರ್ವರ್ಡ್ ಮಾಡಲಾಗಿದೆ.* ಎಡಿಟಿಂಗ್ ಆ್ಯಪ್ ನಿಧಾನವೇ? ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್‌ನ ಡೇಟಾ ಕ್ಲಿಯರ್ ಮಾಡಿ. ವೇಗ ಮೂರು ಪಟ್ಟು! ಕ್ಯಾಪ್‌ಕಟ್ ಪ್ರೊ ಉಚಿತ ಎಪಿಕೆ ಬೇಕಾದವರು ಕೆಳಗಿನ ಲಿಂಕ್ ಒತ್ತಿ.

ಗೋಣಿಕೊಪ್ಪ ಎಡಿಟರ್: ಅಂಕಲ್, ದಯವಿಟ್ಟು ಇದನ್ನು ತೆಗೀರಿ. ಡೇಟಾ ಕ್ಲಿಯರ್ ಮಾಡಿದರೆ ಆ್ಯಪ್‌ನಲ್ಲಿರುವ ಡ್ರಾಫ್ಟ್ ಎಲ್ಲಾ ಹೋಗುತ್ತೆ. ಕ್ಯಾಶೆ ಬೇರೆ, ಡೇಟಾ ಬೇರೆ. ಹೋದ ಮದುವೆ ಸೀಸನ್‌ನಲ್ಲಿ ಒಬ್ಬ ಹುಡುಗ ಹೀಗೆ ಮಾಡಿ, ನಾಲ್ಕು ದಿನದ ಕೆಲಸ ಹೋಗಿ, ನನ್ನ ಅಂಗಡಿಯಲ್ಲಿ ಕೂತು ಅತ್ತಿದ್ದಾನೆ. ವಾಪಸ್ ತರೋಕೆ ನನ್ನಿಂದ ಆಗಲಿಲ್ಲ. ಆ ಲಿಂಕ್ ಯಾರೂ ಒತ್ತಬೇಡಿ. ಕ್ಯಾಪ್‌ಕಟ್ ನಮ್ಮ ದೇಶದಲ್ಲಿ ನಿಷೇಧ. ಯಾರೋ ಬಿಚ್ಚಿ ಹೊಲಿದ ಎಪಿಕೆಗೆ ಗ್ಯಾಲರಿ, ಮೈಕ್ ಎಲ್ಲಾ ಬಿಟ್ಟುಕೊಡಬೇಡಿ. ಅದೇ ಫೋನ್‌ನಲ್ಲಿ ನಿಮ್ಮ ಬ್ಯಾಂಕೂ ಇದೆ.

ಎಸ್ಟೇಟ್ ಅಂಕಲ್: ಒಳ್ಳೇದಕ್ಕೇ ಹಾಕಿದ್ದು. ಇಷ್ಟು ಸಿಟ್ಟಾಗೋದು ಯಾಕೆ?

ಮಡಿಕೇರಿ ಹೋಂಸ್ಟೇ: ಸರ್, ಡ್ರಾಫ್ಟ್ ಅಂದಾಗ ನೆನಪಾಯ್ತು. ಜಾಗ ಇಲ್ಲ ಅಂತ ಗ್ಯಾಲರಿಯಲ್ಲಿ ಮೂಲ ವಿಡಿಯೋ ಡಿಲೀಟ್ ಮಾಡಿದೆ. ಡ್ರಾಫ್ಟ್‌ನಲ್ಲಿ ಇರುತ್ತಲ್ವಾ?

ಗೋಣಿಕೊಪ್ಪ ಎಡಿಟರ್: ಎಲ್ಲಾ ಆ್ಯಪ್‌ನಲ್ಲೂ ಇರಲ್ಲ. ಎಷ್ಟೋ ಕಡೆ ಡ್ರಾಫ್ಟ್ ಅಂದರೆ ಎಲ್ಲಿ ಕತ್ತರಿಸಿದೆ ಅನ್ನೋ ಚೀಟಿ ಮಾತ್ರ. ಈಗಲೇ ಗ್ಯಾಲರಿಯ ಟ್ರ್ಯಾಶ್ ನೋಡಿ. ಮಾತಾಡ್ತಾ ಕೂರಬೇಡಿ.

ಪೊನ್ನಂಪೇಟೆ ಪಿಯುಸಿ: ಅಣ್ಣ, 40 ಸಾವಿರದಲ್ಲಿ ಎಡಿಟಿಂಗ್‌ಗೆ ಯಾವ ಲ್ಯಾಪ್‌ಟಾಪ್? ಅಪ್ಪ ಈ ತಿಂಗಳು ಕೊಡಿಸ್ತೀನಿ ಅಂದಿದ್ದಾರೆ.

ಸಂತೆ ಹುಡುಗ: ಲಿನಕ್ಸ್ ಅಣ್ಣನ ಲಿಂಕ್ ಇನ್ನೂ ಬಂದಿಲ್ಲ. ಸುಮ್ನೆ ಹೇಳಿದೆ.

ಕುಶಾಲನಗರ ಲಿನಕ್ಸ್: ಹದಿನೆಂಟು ವರ್ಷದ ಹುಡುಗನಿಗೆ ಉತ್ತರ ಕೊಡೋಕೆ ನಾನು ಈ ಗ್ರೂಪ್‌ಗೆ ಬಂದಿಲ್ಲ.

ಸಂತೆ ಹುಡುಗ: ನಂಗೆ ಇಪ್ಪತ್ತಮೂರು.

ಗೋಣಿಕೊಪ್ಪ ಎಡಿಟರ್: ಇಬ್ಬರೂ ಬೇರೆ ಕಡೆ ಹೋಗಿ ಜಗಳ ಆಡಿ.

ಭಾಗಮಂಡಲ ಜೀಪ್: ಯಾವ ಫ್ರೀ ಆ್ಯಪ್ ಒಳ್ಳೇದು ಸರ್? ಕೈನ್‌ಮಾಸ್ಟರ್ ಆಗುತ್ತಾ?

ಗೋಣಿಕೊಪ್ಪ ಎಡಿಟರ್: ಆಗುತ್ತೆ. ಫ್ರೀಯಲ್ಲಿ ಅದರ ಹೆಸರು ಮೂಲೆಯಲ್ಲಿ ಬೀಳುತ್ತೆ. ಮಿಕ್ಕಿದ್ದು ಮೇಲೆ ಬರೆದಿದ್ದೀನಿ.

ನಾಪೋಕ್ಲು ಟೀಚರ್: ಸರ್, ಮೊದಲ ಹತ್ತು ನಿಮಿಷ ಮಾಡಿ ನೋಡಿದೆ. ಒಂಬತ್ತನೇ ನಿಮಿಷದಲ್ಲಿ ಅಜ್ಜ "ಪೊಲಿ ಪೊಲಿ ದೇವಾ" ಅಂತಾರೆ, ತುಟಿ ಸರಿಯಾಗಿ ಹೊಂದಿದೆ! ಬದಲಾಯಿಸಲು ಇಪ್ಪತ್ತೈದು ನಿಮಿಷ ಹಿಡಿತು. ಎರಡನೇ ತುಂಡು ಹಾಕಿದ್ದೆ, ಅರ್ಧದಲ್ಲಿ ಕರೆಂಟ್ ಹೋಯ್ತು. ಬ್ಯಾಟರಿ ಸತ್ತಿದೆ. ಆ ಫೈಲ್ ಈಗ ತೆರೆಯಲ್ಲ.

ಗೋಣಿಕೊಪ್ಪ ಎಡಿಟರ್: ಅರ್ಧಕ್ಕೆ ನಿಂತ ಎಂಪಿ4 ತೆರೆಯಲ್ಲ, ಅದನ್ನು ಎಸೆದುಬಿಡಿ. ಮೂಲ ಫೈಲ್‌ಗೆ ಏನೂ ಆಗಿರಲ್ಲ. ಮಳೆ ಬಿಡೋವರೆಗೆ ಐದೈದು ನಿಮಿಷದ ತುಂಡು ಮಾಡಿ. ಮೂಲವನ್ನು ಪೆನ್‌ಡ್ರೈವ್‌ಗೂ ಒಂದು ಕಾಪಿ ಹಾಕಿ, ಅಜ್ಜನನ್ನು ಮತ್ತೆ ಕೂರಿಸೋಕೆ ಆಗಲ್ಲ. ಮುಂದಿನ ಸಲ ಹಗಲಲ್ಲಿ, ಬಾಗಿಲ ಹತ್ತಿರ ಕೂರಿಸಿ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಚ್‌ಇವಿಸಿ ಆಫ್ ಮಾಡಿ.

ನಾಪೋಕ್ಲು ಟೀಚರ್: ಬಾಗಿಲ ಹತ್ತಿರ ಅಜ್ಜ ಒಪ್ಪಲ್ಲ ಸರ್. ದೀಪದ ಎದುರೇ ಹೇಳೋದು ಅಂತಾರೆ.

ಗೋಣಿಕೊಪ್ಪ ಎಡಿಟರ್: ಹಾಗಿದ್ರೆ ಹ್ಯಾಂಡ್‌ಬ್ರೇಕ್ ಅಳಿಸಬೇಡಿ.

ಮಡಿಕೇರಿ ಹೋಂಸ್ಟೇ: ಟ್ರ್ಯಾಶ್‌ನಲ್ಲಿ ಆರು ಸಿಕ್ಕಿತು ಸರ್. ಎರಡು ಸಿಗಲಿಲ್ಲ.

ಎಸ್ಟೇಟ್ ಅಂಕಲ್: *ಫಾರ್ವರ್ಡ್ ಮಾಡಲಾಗಿದೆ.* ಫೋನ್ ಬಿಸಿಯಾದರೆ ಎರಡು ನಿಮಿಷ ಫ್ರಿಜ್‌ನಲ್ಲಿಡಿ, ಎಕ್ಸ್‌ಪೋರ್ಟ್ ಬೇಗ ಆಗುತ್ತೆ.

ಗೋಣಿಕೊಪ್ಪ ಎಡಿಟರ್: ಇಡಬೇಡಿ. ಒಳಗೆ ನೀರು ಕೂರುತ್ತೆ. ಅಂಕಲ್, ಸಾಕು. ನಾನು ಅಂಗಡಿ ಮುಚ್ಚುತ್ತಿದ್ದೀನಿ.