'ತಪ್ಪಿನ ಹಂಚಿಕೆ' ಅನ್ನಬಹುದೇ? 0.5 ಹೋಗಿ 1.5 ಆದಾಗ

ಕಲಬುರಗಿಯಿಂದ, ಪಾಲಿಟೆಕ್ನಿಕ್ ಉಪನ್ಯಾಸಕಿ:

ಎಲ್ಲರಿಗೂ ನಮಸ್ಕಾರ. ನರಜಾಲದ ಪಾಠವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಉತ್ತರದಲ್ಲಿ ಬಂದ ತಪ್ಪಿನಿಂದ ಹಿಂದಿನ ಪದರಗಳತ್ತ ಲೆಕ್ಕ ಹಾಕುತ್ತಾ ಹೋಗುವ ಬ್ಯಾಕ್‌ಪ್ರೊಪಗೇಶನ್‌ಗೆ 'ತಪ್ಪಿನ ಹಂಚಿಕೆ' ಎಂದು ಬರೆದುಕೊಂಡಿದ್ದೆ. 'ಹಿನ್ನಡೆ' ಬೇಡವೆನಿಸಿತು, ಅದನ್ನು ಕೇಳಿದವರಿಗೆ ಸೋಲೇ ನೆನಪಾಗುತ್ತದೆ. ಹಲಗೆಯ ಮೇಲೆ ಈ ಎರಡು ಪದರದ ಲೆಕ್ಕ ಮಾಡಿಸಿದೆ. ಒಳಪದರದಲ್ಲಿ ಒಂದೇ ಕೋಶ, ಹೊರಪದರದಲ್ಲೂ ಒಂದೇ.

```
x = 2, w1 = 0.5, b = -1, w2 = 3, t = 1
z = w1*x + b = 0
h = sigmoid(z) = 0.5
y = w2*h = 1.5
E = (y - t)^2 / 2 = 0.125
```

ಬೇಕಿದ್ದ ಉತ್ತರ 1, ಬಂದದ್ದು 1.5. ಹೊರಬಾಗಿಲಲ್ಲಿ ತಪ್ಪು 0.5. ಅದನ್ನು w2 ಎಂಬ ತೂಕ, ಅಂದರೆ 3ರಿಂದ ಗುಣಿಸಿ ಒಳಗಿನ h ತನಕ ತಂದಾಗ 1.5 ಆಯಿತು. ಆಗ ಒಬ್ಬ ಹುಡುಗಿ, "ಮೇಡಂ, ಹಂಚಿದ್ರ ಕಡಿಮಿ ಆಗಬೇಕಲ್ರಿ, ಇದು ಹೆಂಗ ಹೆಚ್ಚಾಯ್ತು?" ಅಂದಳು. ಲೆಕ್ಕ ಸರಿಯಿದೆ, ನನ್ನ ಪದವೇ ತಪ್ಪಿರಬೇಕು. ಏನನ್ನಬೇಕು?

ಬೀದರಿನಿಂದ, ಎಂಜಿನಿಯರಿಂಗ್ ವಿದ್ಯಾರ್ಥಿ:

ಮೇಡಂ, ಹಂಚಿಕೆ ಅನ್ನೋದ ಸರಿ ಅದರಿ. ಯಾವ ತೂಕ ದೊಡ್ಡದು ಅದರ ಮ್ಯಾಲ ತಪ್ಪು ಹೆಚ್ಚು ಬೀಳ್ತದ. 1986ರಾಗ ರೂಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಅವರು ನೇಚರ್ ಪತ್ರಿಕೆಯೊಳಗ ಬರೆದ ಲೇಖನದ ತಲೆಬರಹದಾಗೇ ತಪ್ಪುಗಳನ್ನ ಹಿಂದಕ್ಕ ಕಳಿಸೋ ಮಾತದ. 'ತಪ್ಪು' ಅನ್ನೋ ಪದ ಬಿಡಬ್ಯಾಡ್ರಿ.

ಯಾದಗಿರಿಯಿಂದ, ನಿವೃತ್ತ ಭೂಮಾಪಕರು:

ಹಿಂಗ ಗುಣಿಸ್ತಾ ಹಿಂದಕ್ಕ ಬರೋ ಲೆಕ್ಕಕ್ಕ 'ಸರಪಳಿ ನಿಯಮ' ಅಂತಾರಂತ ಹಿಂದೊಮ್ಮೆ ಇಲ್ಲಿ ಚರ್ಚೆ ಆಗಿತ್ತು, ಅದರ ಬಗ್ಗೆ ಒಂದು ಮಾತು. ನಾವು ಹೊಲ ಅಳೀತಿದ್ದ ಸರಪಳಿ 33 ಅಡಿ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದ್ರ ಒಂದು ಗುಂಟೆ, ಅಂಥಾ 40 ಸೇರಿದ್ರ ಒಂದು ಎಕರೆ. ಕೊಂಡಿಗೆ ಕೊಂಡಿ ಕೂಡಿಸ್ತಾ ಹೋಗೋದು ಸರಪಳಿ. ನೀವು ಗುಣಿಸ್ತಾ ಇದ್ದೀರಿ, ಅದು ನನಗ ತಿಳೀಲಿಲ್ಲ.

ಕಲಬುರಗಿಯಿಂದ, ತಂತ್ರಾಂಶ ಕೆಲಸದವರು:

ಯಾದಗಿರಿ ಹಿರಿಯರ ಸಂಶಯ ನ್ಯಾಯವಾದದ್ದು, ಅಲ್ಲಿಂದಲೇ ಶುರು ಮಾಡುತ್ತೇನೆ. ಇಲ್ಲಿ ಕೊಂಡಿಗಳ ಉದ್ದ ಅಳೆಯುತ್ತಿಲ್ಲ. ಒಂದು ಕೊಂಡಿ ಒಂದು ಚೂರು ಅಲುಗಿದರೆ ಮುಂದಿನದು ಎಷ್ಟು ಅಲುಗುತ್ತದೆ ಎಂಬುದನ್ನು ಅಳೆಯುತ್ತಿದ್ದೇವೆ. ಮೊದಲನೆಯದರಿಂದ ಎರಡನೆಯದು ಮೂರು ಪಟ್ಟು, ಎರಡನೆಯದರಿಂದ ಮೂರನೆಯದು ಅರ್ಧ ಅಲುಗಿದರೆ, ಮೊದಲನೆಯದರಿಂದ ಮೂರನೆಯದು ಒಂದೂವರೆ ಪಟ್ಟು ಅಲುಗುತ್ತದೆ. ಅದಕ್ಕೇ ಗುಣಾಕಾರ.

ಹಾಗಾಗಿ ಆ ಹುಡುಗಿ ಕೇಳಿದ 1.5 ತಪ್ಪಿನ ಪಾಲಲ್ಲ. h ಒಂದು ಚೂರು ಏರಿದರೆ E ಆ ಚೂರಿನ ಒಂದೂವರೆ ಪಟ್ಟು ಏರುತ್ತದೆ ಎಂಬ ದರ. ಪಾಲುಗಳನ್ನೆಲ್ಲ ಕೂಡಿಸಿದರೆ ಮೂಲ ಮೊತ್ತ ಬರಬೇಕು, ದರಕ್ಕೆ ಆ ಕಟ್ಟಿಲ್ಲ. 'ಹಂಚಿಕೆ' ಸೋಲುವುದು ಇಲ್ಲೇ. ಬೀದರಿನ ತಮ್ಮ ಹೇಳಿದ್ದರಲ್ಲಿ ಅರ್ಧ ನಿಜ: ತೂಕ ದೊಡ್ಡದಾದರೆ ಅದರ ಹಿಂದಿನ ಕೋಶಕ್ಕೆ ಹೋಗುವ ದರ ದೊಡ್ಡದು. ಆದರೆ w2ರ ಸ್ವಂತ ದರ ತೆಗೆಯುವಾಗ ಆ 0.5 ಅನ್ನು w2ರಿಂದ ಗುಣಿಸುವುದೇ ಇಲ್ಲ. 0.5 ಅನ್ನು h, ಅಂದರೆ 0.5ರಿಂದ ಗುಣಿಸಿ 0.25, ಅಷ್ಟೇ.

ಮುಂದಿನ ದಾರಿ ಹೀಗೆ:

```
dE/dy  = y - t = 0.5
dE/dw2 = 0.5 * h = 0.25
dE/dh  = 0.5 * w2 = 1.5
dE/dz  = 1.5 * h*(1-h) = 0.375
dE/dw1 = 0.375 * x = 0.75
```

ಮಕ್ಕಳು ಎಡವುವುದು ನಾಲ್ಕನೇ ಸಾಲಿನಲ್ಲಿ. ಸಿಗ್ಮಾಯ್ಡ್ ಕೂಡ ಒಂದು ಕೊಂಡಿ, ಇಲ್ಲಿ ಅದರ ದರ 0.25. ಅದನ್ನು ಮರೆತವರು 1.5 ಅನ್ನು ನೇರ 2ರಿಂದ ಗುಣಿಸಿ 3 ಎಂದು ಬರೆಯುತ್ತಾರೆ. ಯಾವುದು ಸರಿ ಎಂದು ತಿಳಿಯಲು w1 ಅನ್ನು 0.501 ಮಾಡಿ ಮೊದಲಿನಿಂದ ಲೆಕ್ಕ ಹಾಕಿಸಿ. z 0.002, h 0.5005, y 1.5015, E ಸುಮಾರು 0.12575. ಏರಿದ್ದು 0.00075. ಅಲುಗಿಸಿದ್ದು 0.001, ಭಾಗಿಸಿದರೆ 0.75. ಮೂರು ಬರುವುದಿಲ್ಲ. ನಾನು ಕಲಿಯುವಾಗ ಈ ಪರೀಕ್ಷೆಯನ್ನು ಯಾರೂ ತೋರಿಸಲಿಲ್ಲ, ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಪದದ ಬಗ್ಗೆ: 'ದರದ ಹಿಂಸಾಗಣೆ' ಎಂದರೆ ಹೇಗೆ?

ಬೀದರಿನ ವಿದ್ಯಾರ್ಥಿ:

w2 ಬಗ್ಗೆ ನಾನು ತಪ್ಪು ತಿಳಿದಿದ್ದೆ ಅಣ್ಣಾ, ಒಪ್ಪಿದೆ. ಆದ್ರ 'ಹಿಂಸಾಗಣೆ' ಅಂದ್ರ ಮೊದಲು 'ಹಿಂಸಾ' ಅಂತ ಕೇಳ್ತದ.

ಕಲಬುರಗಿಯ ಉಪನ್ಯಾಸಕಿ:

ನನಗೂ ಹಾಗೇ ಕೇಳಿಸಿತು, ಆ ಪದ ಬೇಡ. 'ದರ' ಮಾತ್ರ ಇಟ್ಟುಕೊಳ್ಳುತ್ತೇನೆ, ಪೇಟೆಯ ತೊಗರಿ ದರ ಗೊತ್ತಿರುವ ಮಕ್ಕಳಿಗೆ ಅದು ಹೊಸದಲ್ಲ. ಆದರೆ ಹೊರಪದರದಲ್ಲಿ ಎರಡು ಕೋಶ ಇಟ್ಟರೆ h ನಿಂದ ಎರಡು ದಾರಿ ಹೊರಡುತ್ತವೆ. ಪ್ರತಿ ದಾರಿಯ ದರಗಳನ್ನು ಗುಣಿಸಿ, ಕೊನೆಗೆ ಆ ಎರಡನ್ನೂ ಕೂಡಿಸಬೇಕು. ಕವಲೊಡೆದ ಅದನ್ನು 'ಸರಪಳಿ' ಎನ್ನುವುದೋ, ಬೇರೆ ಪದ ಬೇಕೋ? ಭೂಮಾಪಕ ಹಿರಿಯರು ಹೊಲದ ಕಡೆಯ ಪದವೇನಾದರೂ ಇದ್ದರೆ ತಿಳಿಸಬೇಕು.